ಅವ್ವನ ಹಿಡಿ, ನನ್ನ ಸಾರಿನಪುಡಿ

ಒರಳಿನ ಮುಂದೆ ಕೂತ ಹೆಂಗಸಿಗೆ ಬೆವರು ಒರೆಸಿಕೊಳ್ಳೋಕೂ ಪುರುಸೊತ್ತಿರೋಲ್ಲ, ಇನ್ನು ನಗು ಎಲ್ಲಿಂದ ಬರಬೇಕು ಅಂತ ಜನ ಕೇಳುತ್ತಾರೆ. ನಗು ತಾನಾಗಿ ಬಾಗಿಲಿಗೆ ಬರುತ್ತಿತ್ತು ಕಣ್ರೀ. ಬೇಡ ಅಂದರೂ ವಾರಕ್ಕೊಂದು ಬರುತ್ತಿತ್ತು.

ಯುದ್ಧದ ಕಾಲ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ರೇಷನ್ನು. ನನ್ನ ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ ನಮ್ಮದು. ಭಾವ, ಅಂದರೆ ಗಂಡನ ಅಣ್ಣ, ಹಳ್ಳಿಯಿಂದ ಬಂದು ಹೇಳಿದರು: "ನಮ್ಮನೇಗೆ ಬಂದ್ಬಿಡಮ್ಮ. ಎರಡು ಹೊತ್ತು ಮುದ್ದೆಗೇನು ಬರ ಇಲ್ಲ." ಹನ್ನೊಂದು ಜನದ ಮನೆ ಅದು. ಆ ಮುದ್ದೆ ತೊಳಸೋರು ಯಾರು ಅನ್ನೋದನ್ನ ಮಾತ್ರ ಅವರು ಬಾಯಿಬಿಡಲಿಲ್ಲ. ನಾನು ಬರಲ್ಲ ಅಂದೆ. ಬಾಡಿಗೆ ಕಟ್ಟೋಕಾಗದಿದ್ದರೆ ಸಾಯೋವರೆಗೂ ಆ ಒಲೆ ಮುಂದೆ ಕೂರಬೇಕು, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಹಿಡಿ ಅಂದರೆ ಎಷ್ಟು?

ನಮ್ಮ ಬೀದಿಯ ಹೆಂಗಸರು ಬೆಳಗಿಂದ ಸಂಜೆವರೆಗೆ ಗಂಡಂದಿರಿಗೆ ಮಗ್ಗದ ಲಾಳಿಗೆ ಹಾಕೋ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರು. ಅವರು ಸಾರಿನಪುಡಿ ಕುಟ್ಟೋಕೆ ಎದ್ದರೆ ಮಗ್ಗ ನಿಂತುಹೋಗುತ್ತಿತ್ತು. ಅದನ್ನು ನೋಡಿದಾಗ ಸಾಸಲಿನ ಕಡೆ ನನ್ನ ತವರಿನಲ್ಲಿ ಅವ್ವ ಮಾಡುತ್ತಿದ್ದ ಪುಡಿ ನೆನಪಿಗೆ ಬಂತು. ಅವಳ ಲೆಕ್ಕವೆಲ್ಲ ನನಗೆ ಬಾಯಿಪಾಠ. ಧನಿಯ ಎಂಟು ಹಿಡಿ, ಮುರಿದ ಒಣಮೆಣಸಿನಕಾಯಿ ಆರು ಹಿಡಿ, ಜೀರಿಗೆ ಒಂದು, ಕಾಳುಮೆಣಸು ಅರ್ಧ, ಮೆಂತ್ಯ ಸಾಸಿವೆ ಚಿಟಿಕೆ ಚಿಟಿಕೆ, ಅರಿಸಿನದ ಕೊಂಬು ಒಂದು.

ಹಾಗೇ ಕುಟ್ಟಿ ಪಕ್ಕದ ಮನೆಯ ನೇಕಾರರ ಹೆಂಗಸಿಗೆ ಕೊಟ್ಟೆ. ಮಾರನೇ ದಿನ ಬಂದು, "ಅಕ್ಕಾ, ಪುಡಿ ಚೆನ್ನಾಗೈತೆ. ಆದ್ರೆ ನಮ್ಮ ಯಜಮಾನರು ನಿನ್ನೆಯಿಂದ ನೀರು ಕುಡೀತಾನೇ ಅವ್ರೆ" ಅಂದಳು.

ಅವ್ವನ ಹತ್ತಿರ ಓಡಿದೆ. ಅವಳು ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. "ಅಯ್ಯೋ ನನ್ ಮಗಳೇ, ಒಂದು ಸಲ ನಿನ್ ಹಿಡಿ, ಒಂದು ಸಲ ನಿನ್ ಸಿಟ್ಟಿನ ಹಿಡಿ! ಮೆಣಸಿನಕಾಯಿ ಹಾಕೋವಾಗ ನಿನ್ ಭಾವನ್ನ ನೆನೆಸಿಕೊಂಡಿದ್ದೇನು?"

ನೆನೆಸಿಕೊಂಡಿದ್ದೆ. ಅವತ್ತು ಅವ್ವನ ಒಂದೊಂದು ಹಿಡಿಯನ್ನೂ ಪಾವಿಗೆ ಸುರಿಸಿ ಅಳೆದುಕೊಂಡೆ. ಆಮೇಲೆ ಪಾವು ಬಿಟ್ಟರೆ ಕೈಯಿಂದ ಅಳೆಯಲೇ ಇಲ್ಲ. ಭಾವನನ್ನು ನೆನೆಸಿಕೊಂಡರೂ ಖಾರ ಅಷ್ಟೇ ಇರುತ್ತಿತ್ತು.

ಗಂಟು

ಅಳತೆ ಸರಿಹೋಯಿತು, ಬುದ್ಧಿ ಇನ್ನೂ ಸರಿಹೋಗಿರಲಿಲ್ಲ. ಒಂದು ಮಳೆಗಾಲ ಅವಸರಕ್ಕೆ ಬಿದ್ದು, ಹುರಿದದ್ದು ಆರುವ ಮೊದಲೇ ಕುಟ್ಟಿ, ಬಿಸಿಬಿಸಿ ಪುಡಿಯನ್ನೇ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದೆ. ಒಳಗೆ ಬೆವೆತು ಪುಡಿಯೆಲ್ಲ ಗಂಟು ಕಟ್ಟಿತು. ನಾನು ನೋಡದೆ ಪೊಟ್ಟಣ ಕಟ್ಟಿ ಹಂಚಿಬಿಟ್ಟೆ.

ಬೀದಿಯ ಕೊನೆಮನೆಯ ಮುದುಕಪ್ಪನಿಗೆ ಕಣ್ಣು ಮಂಜು. ಸಾರಿನಲ್ಲಿ ತೇಲಿದ ಗಂಟನ್ನು ಬೇಳೆ ಉಂಡೆ ಅಂದುಕೊಂಡು ಬಾಯಿಗೆ ಹಾಕಿಕೊಂಡರಂತೆ. ಸಂಜೆ ಕೋಲೂರಿಕೊಂಡು ಬಂದು ನಿಂತರು. ನಾನು ಕ್ಷಮೆ ಕೇಳಿದೆ.

"ಅದೆಲ್ಲ ಇರ್ಲಿ ಕಣವ್ವ. ಎಂಟು ವರ್ಷದಿಂದ ಕಟ್ಟಿದ್ದ ಮೂಗು ಬಿಟ್ಟೋಯ್ತು. ಅಂಥ ಗಂಟು ಇನ್ನೆರಡು ಇದ್ರೆ ಕೊಡು" ಅಂದರು.

ಕೊಡಲಿಲ್ಲ. ಹಾಳಾದ ಪುಡಿಯನ್ನೆಲ್ಲ ವಾಪಸು ತಂದು, ಬದಲಿಗೆ ಹೊಸದು ಕುಟ್ಟಿಕೊಟ್ಟೆ. ಧನಿಯ ಬೇರೆ, ಮೆಂತ್ಯ ಬೇರೆ, ಒಂದೊಂದನ್ನೂ ಅದರ ಹದಕ್ಕೆ ಹುರಿದು, ಮೊರದಲ್ಲಿ ಹರಡಿ ಆರಿಸಿ, ಕುಟ್ಟಿ ಜರಡಿ ಹಿಡಿದು, ಮೇಲೆ ಉಳಿದ ತರಿಯನ್ನು ಮತ್ತೆ ಕುಟ್ಟಿ, ಕೊನೆಗೆ ಇನ್ನೊಂದು ಸಲ ಆರಿಸಿ ಡಬ್ಬಕ್ಕೆ ಹಾಕುತ್ತಿದ್ದೆ. ಯಾರ ಮನೆಗೆ ವಾರಕ್ಕೆಷ್ಟು ಬೇಕೋ ಅಷ್ಟೇ ಮಾಡುತ್ತಿದ್ದೆ. ಹಳೆಯದು ಉಳಿಯುತ್ತಿರಲಿಲ್ಲ, ಘಮ ಹೋಗುತ್ತಿರಲಿಲ್ಲ. ಇಪ್ಪತ್ತು ಮನೆ ವಾರವಾರವೂ ಖಾಯಂ ಆಯಿತು, ಬಾಡಿಗೆಯೂ ಹುಟ್ಟಿತು. ಮುದುಕಪ್ಪನಿಗೆ ಮಾತ್ರ ನನ್ನ ಕೈ ಸುಧಾರಿಸಿತಲ್ಲ ಅಂತ ಕೊನೇವರೆಗೂ ಬೇಸರವಿತ್ತು.

ಜಗಲಿ ಪಂಚಾಯ್ತಿ

ಭಾವನಿಗೆ ಈ ಸುದ್ದಿ ಮುಟ್ಟಿತು. ಗಂಡ ಸತ್ತವಳು ಪುಡಿ ಮಾರಿ ಮನೆತನದ ಮಾನ ಕಳೆಯುತ್ತಿದ್ದಾಳೆ ಅಂತ ಮೂವರು ಹಿರಿಯರನ್ನು ಕರೆದುಕೊಂಡು ಬಂದರು. ನಾನು ಒಳಗೆ ಒಲೆ ಹಚ್ಚಿದ್ದೆ. ಅವರು ಹೊರಗೆ ಜಗಲಿ ಮೇಲೆ ಕೂತು ನನ್ನ ಬಾಳನ್ನು ತೀರ್ಮಾನ ಮಾಡಲು ಶುರು ಮಾಡಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಮೆಣಸಿನಕಾಯಿ ಹುರಿಯುವಾಗ ಎರಡು ಹನಿ ಹರಳೆಣ್ಣೆ ಸವರಿದರೆ ಘಾಟು ಅಷ್ಟಾಗಿ ಏಳುವುದಿಲ್ಲ. ಅವತ್ತು ಸವರಲಿಲ್ಲ. ಮರೆತೆ ಅಂತ ಸುಳ್ಳು ಹೇಳಲಾರೆ. ಸೆರಗನ್ನು ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡು ಜಗಲಿ ಕಡೆಯ ಕಿಟಕಿ ತೆರೆದೆ.

"ಈ ಹೆಣ್ಮಗಳು ಇವತ್ತಿಂದ..." ಅಂದರು ದೊಡ್ಡ ಹಿರಿಯರು. ಆಮೇಲೆ ಸೀನಿದರು. "ಇವತ್ತಿಂದ..." ಮತ್ತೆ ಸೀನು. ಎರಡನೆಯವರು ಕೆಮ್ಮುತ್ತಾ ರುಮಾಲು ಬಿಚ್ಚಿ ಕಣ್ಣು ಒರೆಸಿಕೊಂಡರು. ಮೂರನೆಯವರು ಆಗಲೇ ಬೀದಿಯಲ್ಲಿದ್ದರು.

"ಭಾವ, ಹಿರಿಯರು ಏನಂದ್ರು?" ಅಂತ ಒಳಗಿಂದಲೇ ಕೂಗಿದೆ.

"ಏನಾದ್ರೂ ಮಾಡ್ಕೊಳ್ಲಿ ಬಿಡಪ್ಪ, ಮೊದ್ಲು ನೀರು ಕೊಡ್ಸು!" ಅಂದರು ದೊಡ್ಡ ಹಿರಿಯರು. ಪಂಚಾಯ್ತಿಯಲ್ಲಿ ಆದ ತೀರ್ಪು ಅದೊಂದೇ. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಮೊದಲ ಪಂಕ್ತಿ

ಭಾವನ ಮಗಳಿಗೆ ನಂದಗುಡಿ ಕಡೆಯ ಗಂಡು ಗೊತ್ತಾಯಿತು. ಶುಭಕಾರ್ಯದಲ್ಲಿ ವಿಧವೆ ಎದುರು ಬರಬಾರದು ಅಂತ ನಿಶ್ಚಿತಾರ್ಥಕ್ಕೆ ನನ್ನನ್ನು ಕರೆಯಲಿಲ್ಲ. ಆದರೆ ಭಾವನ ಹೆಂಡತಿ ನನ್ನ ಪಕ್ಕದ ಮನೆಯವಳ ಕೈಲಿ ಕದ್ದು ನನ್ನ ಪುಡಿ ತರಿಸಿಕೊಂಡಿದ್ದಳು. ಗಂಡಿನ ತಾಯಿ ಸಾರನ್ನು ಮೂರು ಸಲ ಹಾಕಿಸಿಕೊಂಡು, "ಪುಡಿ ಯಾರು ಮಾಡಿದ್ದು?" ಅಂದರಂತೆ.

"ನಮ್ಮನೇದೇ," ಅಂದರು ಭಾವ ಎದೆಯುಬ್ಬಿಸಿ.

"ಹಂಗಾದ್ರೆ ಮದುವೆ ಅಡುಗೆಗೂ ಇದೇ ಆಗ್ಬೇಕು. ಮಾಡಿದ ಕೈಯನ್ನೂ ನಾನು ನೋಡ್ಬೇಕು."

ಮಾರನೆಯ ಬೆಳಿಗ್ಗೆ ಭಾವ ನನ್ನ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದರು. "ನೋಡಮ್ಮ, ನಾವೆಲ್ಲ ಒಂದೇ ಮನೆಯವ್ರು..."

"ಹೌದಾ ಭಾವ? ನಿಶ್ಚಿತಾರ್ಥದ ದಿನ ಗೊತ್ತೇ ಆಗ್ಲಿಲ್ಲ."

"ಮೂರು ಸೇರು ಪುಡಿ ಬೇಕಿತ್ತು."

"ಕೊಡ್ತೀನಿ. ಬೀದಿಯವ್ರು ಕೊಡೋ ಬೆಲೆ ನೀವೂ ಕೊಡಿ. ಇನ್ನೊಂದು, ಮದುವೇಲಿ ನಾನು ಮೊದಲ ಪಂಕ್ತೀಲಿ ಕೂತು ಊಟ ಮಾಡ್ತೀನಿ. ನೀವೇ ಬಡಿಸ್ಬೇಕು."

"ಜನ ಏನಂದಾರು?"

"ಹಂಗಾದ್ರೆ ಜನಾನೇ ಕುಟ್ಟಿಕೊಡ್ಲಿ," ಅಂದು ಒನಕೆ ಎತ್ತಿದೆ.

ಒಪ್ಪಿದರು. ಮದುವೆಯ ದಿನ ಮೊದಲ ಪಂಕ್ತಿಯಲ್ಲಿ, ಗಂಡಿನ ತಾಯಿಯ ಪಕ್ಕದಲ್ಲೇ ಕೂತೆ. ಸುತ್ತ ಗುಸುಗುಸು ಎದ್ದಿತು. ಆಯಮ್ಮ ನನ್ನ ಕೈ ಹಿಡಿದು ಮೂಸಿ, "ಇದೇ ಕೈ!" ಅಂದರು. ಗುಸುಗುಸು ನಿಂತಿತು. ನನಗೆ ಅಳು ಬಂತು. ಅಲ್ಲಿ ಅಳೋಕೆ ಹೋಗಲಿಲ್ಲ.

ಭಾವ ಸಾರಿನ ಬಕೆಟ್ಟು ಹಿಡಿದು ಬಂದು, ತಲೆ ಎತ್ತದೆ ನನ್ನ ಎಲೆಗೆ ಬಡಿಸಿದರು. ನಾನು ನಿಧಾನವಾಗಿ ಕಲಸಿ, ಒಂದು ತುತ್ತು ಬಾಯಿಗಿಟ್ಟೆ. ಇಡೀ ಪಂಕ್ತಿ ನನ್ನ ಬಾಯನ್ನೇ ನೋಡುತ್ತಿತ್ತು.

"ಭಾವ," ಅಂದೆ, "ಪುಡಿ ನಂದು, ಚೆನ್ನಾಗೈತೆ. ಉಪ್ಪು ನಿಮ್ಮದು, ಸಾಲದು."

ನಾನು ಎದುರು ಬಂದರೆ ಅಪಶಕುನ ಅನ್ನುತ್ತಿದ್ದ ಮನುಷ್ಯ, ಮಗಳ ಮದುವೆಯ ಚಪ್ಪರದಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು, "ಉಪ್ಪು! ಲೇ, ಬೇಗ ಉಪ್ಪು ತರ್ರೋ, ನಮ್ಮನೆ ಅಮ್ಮ ಕಾಯ್ತಾ ಅವ್ರೆ!" ಅಂತ ಕೂಗುತ್ತಾ ಅಡುಗೆಮನೆಗೆ ಓಡಿದರು.