ಹತ್ತೊಂಬತ್ತರ ಕೂಸಿಗೆ ಒಂದನೆಯ ವರ್ಷದ ಹಾರೈಕೆ

ಗೆಳೆಯನನ್ನು ಹೊಗಳುವುದು ಸುಲಭ, ಬೈಯುವುದು ಇನ್ನೂ ಸುಲಭ. ಹತ್ತು ಮಂದಿಯ ಎದುರು ಅವನನ್ನು ಚೇಷ್ಟೆ ಮಾಡಿ, ಮರುದಿನ ಸಂಜೆಯೂ ಅವನ ಜೊತೆಗೇ ಕೆಲಗೇರಿ ಕೆರೆಯವರೆಗೆ ತಿರುಗಾಡಲು ಹೋಗುವುದಿದೆಯಲ್ಲ, ಅದು ಮಾತ್ರ ಕಠಿಣ. ನಾನು ದಿನಚರಿ ಬರೆಯುವವನು. ಯಾರ ಮುಂಜಿ ಯಾವಾಗ, ಯಾರು ಯಾವ ದಿನ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಹೋದರು ಎಂದು ಕೇಳಿದರೆ ಪುಟ ತೆಗೆದು ತೋರಿಸಬಲ್ಲೆ. ಆದರೆ ಯಾವ ಮಾತಿಗೆ ಯಾರ ಮನಸ್ಸು ನೋಯುತ್ತದೆ ಎಂಬುದಕ್ಕೆ ನನ್ನಲ್ಲಿ ಪುಟವಿರಲಿಲ್ಲ.

ನನ್ನ ಗೆಳೆಯ ರಘು ಸಂಗೀತ ಕಲಿಯುವವನು. ಅವನು ಹುಟ್ಟಿದ್ದು ಅಧಿಕ ಶ್ರಾವಣದಲ್ಲಿ. ಎರಡೂವರೆ ಮೂರು ವರ್ಷಕ್ಕೊಮ್ಮೆ ಪಂಚಾಂಗದಲ್ಲಿ ಒಂದು ತಿಂಗಳು ಹೆಚ್ಚಾಗಿ ಬರುತ್ತದೆ. ಆದರೆ ಪ್ರತಿ ಸಲ ಅದೇ ತಿಂಗಳೇ ಬರಬೇಕೆಂದಿಲ್ಲ. ಮನೆಯವರು ಇಷ್ಟು ವರ್ಷ ಸಾದಾ ಶ್ರಾವಣದಲ್ಲೇ ಆರತಿ ಎತ್ತಿ ನಿಭಾಯಿಸಿದ್ದರು. ಅವನಿಗೆ ಹತ್ತೊಂಬತ್ತು ತುಂಬುವ ವರ್ಷ ಪಂಚಾಂಗ ತಿರುವಿದರೆ, ಅಧಿಕ ಶ್ರಾವಣವೇ ಮರಳಿ ಬಂದಿದೆ! ಅಂದರೆ ಲೆಕ್ಕಕ್ಕೆ ಇದು ಅವನ ಒಂದನೆಯ ಹುಟ್ಟುಹಬ್ಬ. ಒಂದು ವರ್ಷದ ಕೂಸಿಗೆ ಹಾರೈಕೆ ಬರೆದು ಎಲ್ಲರೆದುರು ಓದುವುದೆಂದು ಕೂಡಲೇ ಕುಳಿತುಬಿಟ್ಟೆ.

ಮೊದಲ ಬರಹ ತಾನಾಗಿ ಹರಿಯಿತು. ರಘು ನನ್ನ ಭುಜಕ್ಕೆ ಬರುವಷ್ಟೇ ಎತ್ತರ. ಕೂಸಿನ ಮಾತಿಗೂ ಎತ್ತರದ ಮಾತಿಗೂ ಎಷ್ಟು ಚಂದ ಜೋಡಿಯಾಯಿತೆಂದರೆ, ಬರೆಯುತ್ತ ನಾನೇ ನಕ್ಕೆ. ಅಣ್ಣನ ಹೆಂಡತಿ, ನಮ್ಮ ವೈನಿ, ಅಕ್ಕಿ ಆರಿಸುತ್ತ ಕೇಳಿಸಿಕೊಂಡರು. ನಗಲಿಲ್ಲ.

“ಇದನ್ನ ಓದಿದ್ರ ಮಂದಿ ನಗ್ತಾರ, ದತ್ತು. ರಘುನೂ ನಗ್ತಾನ. ಆಮ್ಯಾಲೆ ನಿನ್ನ ಕೂಡ ಮಾತು ಬಿಡ್ತಾನ.”

“ಅಷ್ಟಕ್ಕಽ ಯಾಕ್ರಿ ವೈನಿ? ಅವನೇನು ಸಣ್ಣ ಕೂಸೇನು?”

“ಹಂಗಂತ ನೀನಽ ಬರದೀಯಲ್ಲೋ!” ಎಂದು ಮೊರ ಕೆಳಗಿಟ್ಟರು. “ತಾನಽ ಹೇಳ್ಕೊಂಡು ನಗೂ ಮಾತಿದ್ರ ಬರಿ. ಮಂದಿ ಅಂದಾಗ ಸುಮ್ಮನಾಗೂ ಮಾತಿದ್ರ ಬಿಟ್ಟುಬಿಡು.”

ಆಗ ನೆನಪಾಯಿತು. ಹಿಂದಿನ ವರ್ಷ ಒಂದು ಸಂಗೀತದ ಬೈಠಕ್‌ನಲ್ಲಿ ರಘು ತಂಬೂರಿ ಹಿಡಿದು ಕುಳಿತಿದ್ದಾಗ, ಯಾರೋ “ತಂಬೂರಿ ಹಿಂದ ಯಾರರೆ ಅದಾರೇನ್ರಿ?” ಎಂದು ಕೂಗಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ರಘುವೇ. ಆಮೇಲೆ ಬಹಳ ದಿನ ಅವನು ಬೈಠಕ್‌ಗಳ ಕಡೆ ಸುಳಿಯಲೇ ಇಲ್ಲ. ನಾನು ಕರೆಯಲು ಹೋದರೆ ನೆಗಡಿಯೆನ್ನುತ್ತಿದ್ದ. ಎತ್ತರದ ಸಾಲುಗಳೆಲ್ಲ ಹೋದವು. ಉಳಿದದ್ದು ಅರ್ಧ ಹಾಳೆ.

ಅದನ್ನು ತುಂಬಲು, ರಘು ತಾನೇ ಹೇಳಿಕೊಂಡು ನಗುವ ಸಂಗತಿಗಳನ್ನು ದಿನಚರಿಯಲ್ಲಿ ಹುಡುಕಿದೆ. ಒಂದು ವಿಚಿತ್ರ ಕಂಡಿತು: ಅವನ ದೋಷವೆಂದು ನಾನು ಬರೆದಿಟ್ಟಿದ್ದರ ಬೆನ್ನಿಗೆಲ್ಲ ಒಂದೊಂದು ಗುಣ ಅಂಟಿಕೊಂಡಿತ್ತು. ಕೊಡೆ ಕಳೆದುಕೊಂಡ ಎಂದಿದ್ದಲ್ಲಿ, ಅದನ್ನು ಮಳೆಯಲ್ಲಿ ನಿಂತಿದ್ದ ಒಬ್ಬ ಮುದುಕಿಗೆ ಕೊಟ್ಟು ವಿಳಾಸ ಕೇಳುವುದನ್ನು ಮರೆತಿದ್ದ. ತಡವಾಗಿ ಬಂದ ಎಂದಿದ್ದಲ್ಲಿ, ಯಾರದೋ ಮನೆಯೊಳಗಿನ ಹಾಡು ಕೇಳುತ್ತ ಬೀದಿಯಲ್ಲೇ ನಿಂತಿದ್ದ.

ಹುಟ್ಟುಹಬ್ಬದ ದಿನ ರಘುವಿನ ಮನೆಯಲ್ಲಿ ಅವನ ತಾಯಿ ಅಧಿಕ ಮಾಸಕ್ಕೆಂದೇ ಕರಿಯುವ ಸಿಹಿ ಅನಾರಸ ಬಡಿಸಿದರು. ಎಲ್ಲರೂ ತಿಂದು ಗೋಡೆಗೆ ಒರಗಿದ ಮೇಲೆ ನಾನೆದ್ದು ಓದಿದೆ:

“ಚಿರಂಜೀವಿ ರಘುವಿಗೆ ಒಂದನೆಯ ವರ್ಷದ ಆಶೀರ್ವಾದಗಳು. ಈ ವಯಸ್ಸಿಗೆ ಬೇರೆ ಕೂಸುಗಳು ಅಳುವುದರಲ್ಲೇ ಇರುತ್ತವೆ. ನಮ್ಮ ಕೂಸು ಭೀಮಪಲಾಸ ಹಾಡಿ ದೊಡ್ಡವರನ್ನು ಅಳಿಸುತ್ತದೆ. ಹೆಜ್ಜೆಯಿಡಲು ಕಲಿತಿದೆ, ಆದರೆ ಹಾಡು ಕೇಳಿದ ಬಾಗಿಲಲ್ಲೆಲ್ಲ ನಿಂತುಬಿಡುತ್ತದೆ. ಯಾರಾದರೂ ಎತ್ತಿಕೊಂಡು ಬರಬೇಕು. ಇದರ ಕೈಗೆ ಕೊಡೆ ಕೊಡಬೇಡಿರಿ, ದಾನ ಮಾಡುತ್ತದೆ. ಇದರ ಪಕ್ಕದಲ್ಲಿ ಕುಳಿತು ಈ ದತ್ತುವೂ ಸಾ ಹಚ್ಚಲು ಹೋಗಿ, ಬೀದಿನಾಯಿಗಳಿಂದ ಉತ್ತರ ಪಡೆದಿದ್ದಾನೆ. ನನಗೆ ವಿಷಮಜ್ವರ ಬಂದಾಗ ಇದೇ ಕೂಸು ನನ್ನನ್ನು ಮಗುವಿನಂತೆ ನೋಡಿಕೊಂಡಿತು. ಇನ್ನು ಹಲ್ಲು ಬರಲಿ, ಯಾರನ್ನೂ ಕಚ್ಚದಿರಲಿ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರಘು ಮಾತ್ರ ನಗಲಿಲ್ಲ. ತಲೆ ತಗ್ಗಿಸಿದ್ದ. ಅವನು ಮೆಲ್ಲಗೆ ಎದ್ದು ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು, ತಲೆಯ ಮೇಲೆ ಅಂಗೈ ಇಟ್ಟು ಅಳತೆ ತೋರಿಸಿದ. “ಒಂದು ವರ್ಷದ ಕೂಸಿಗೆ ಇದು ಭಾಳ ಎತ್ತರ ಆತಲ್ರಿ! ಅವ್ವಾ, ದೃಷ್ಟಿ ತಗಿ!”

ನಾನು ಹೆದರಿ ಹೊಡೆದುಹಾಕಿದ್ದ ಸಾಲುಗಳೆಲ್ಲ ಅದರ ಮುಂದೆ ಸಪ್ಪೆ. ಅವನ ಕಣ್ಣು ಒದ್ದೆಯಾಗಿತ್ತು. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಜೇಬಿಗಿಟ್ಟ.

“ನಿನ್ನ ಹುಟ್ಟಿದ ದಿನ ಯಾವಾಗ ಹೇಳೋ, ನಾನೂ ಬರೀತೀನಿ,” ಎಂದ. ಊರವರ ತಾರೀಖೆಲ್ಲ ಬಲ್ಲ ನಾನು ತಡವರಿಸಿದೆ. ನನ್ನ ಜಾತಕವನ್ನು ಗೆದ್ದಲು ತಿಂದಿತ್ತು. ಶಾಲೆಯಲ್ಲಿ ಮಾಸ್ತರರು ತಮಗೆ ಅನುಕೂಲವಾದ ದಿನ ಬರೆದುಕೊಂಡಿದ್ದರು. ನಿಜ ತಿಥಿ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ.

ರಘು ನನ್ನ ಬೆನ್ನು ತಟ್ಟಿದ. “ಇರಲಿ ಬಿಡೋ ದತ್ತು. ನಾನರೆ ಒಂದು ವರ್ಷದಾಂವ ಆದೆ. ನೀ ಇನ್ನೂ ಹುಟ್ಟಬೇಕಾಗೇದ!”