ಮಾವನ ಪತ್ರಕ್ಕೆ ನಾನು ಹಾಕಿದ ಕತ್ತರಿ

ಇದರಲ್ಲಿ ಒಂದೆರಡು ಮಾತು ನಾನೇ ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ಡೈರಿ ಬರೆಯುವವಳಾದರೂ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಇಷ್ಟು ಮಾತ್ರ ಖಂಡಿತ: ನನ್ನ ದೊಡ್ಡ ಸೋದರಮಾವ ಜೀವನದಲ್ಲಿ ಚಿಕ್ಕದಾಗಿ ಮುಗಿಸಿದ ಕೆಲಸ ಒಂದೇ, ಚಳಿಗಾಲದ ಸ್ನಾನ!

ನೋಯ್ಡಾದಿಂದ ಫರೀದಾಬಾದ್‌ವರೆಗಿನ ನಮ್ಮ ಕನ್ನಡ ಮನೆಗಳಿಗೆಲ್ಲ ಒಂದು ವಾಟ್ಸಾಪ್ ಗ್ರೂಪ್ ಇದೆ. ಒಮ್ಮೆ ನಮ್ಮ ಸೊಸೈಟಿಯ ಲಿಫ್ಟ್ ಕೆಟ್ಟಿತು. ಮಾವ ಇದ್ದದ್ದು ನೆಲಮಹಡಿಯಲ್ಲಿ. ಆದರೂ ಸುಮ್ಮನಿರುತ್ತಾರೆಯೇ? ‘ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ’ ಎಂದು ಶುರುಮಾಡಿ, ಮೆಟ್ಟಿಲು ಹತ್ತುವುದರಿಂದ ಮೊಣಕಾಲಿಗಾಗುವ ಲಾಭ ವಿವರಿಸಿ, ಲಿಫ್ಟಿನ ಸುದ್ದಿಗೆ ಬರುವಷ್ಟರಲ್ಲಿ ಲಿಫ್ಟ್ ರಿಪೇರಿಯಾಗಿತ್ತು!

ಇಂಥ ಮಾವ ದೆಹಲಿ ಬಿಟ್ಟು ಪುಣೆಯ ಮಗಳ ಮನೆಗೆ ಹೊರಟರು. ಸರೋಜಿನಿ ನಗರದ ಹೋಟೆಲೊಂದರಲ್ಲಿ ಮೊದಲು ಅಡುಗೆಭಟ್ಟರಾಗಿ, ಆಮೇಲೆ ಯಜಮಾನರಾಗಿ ದಿನ ಕಳೆದವರು. ವಿದಾಯ ಪತ್ರ ಹೇಗಿರಬೇಡ? ಬೆರಳಿನಿಂದ ಸರಿಸಿದಷ್ಟೂ ಮೆಸೇಜ್ ಮುಗಿಯಲೊಲ್ಲದು.

ನನ್ನ ಮಗಳು ಇಣುಕಿ ನೋಡಿ, “ಅಜ್ಜಾ, ಇಷ್ಟುದ್ದ ಕೌನ್ ಪಢೇಗಾ? ಯಾರು ಓದ್ತಾರೆ?” ಎಂದಳು.

ಮಾವ ನನ್ನ ಕಡೆ ಫೋನ್ ಚಾಚಿದರು. “ನೀನು ಓದಿದವಳು. ಸ್ವಲ್ಪ ಚಿಕ್ಕದು ಮಾಡಿ ಕೊಡು. ಆದರೆ ಒಣಗಿಸಬೇಡ.”

ಕತ್ತರಿ ಹಿಡಿದು ಕೂತೆ. ಒಂದಷ್ಟು ಸಾಲಾದ ಮೇಲೆ ವಾಟ್ಸಾಪ್ ಉಳಿದದ್ದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಎಲ್ಲಿಗೆ, ಯಾವಾಗ ಎಂಬ ಸುದ್ದಿ ಮೊದಲ ಸಾಲಿಗೇ ಬಂತು. ಆಶೀರ್ವಾದಗಳು ಹೋದವು. ಕೃತಜ್ಞತೆಗೆ ಮೂವತ್ತೆಂಟು ಹೆಸರುಗಳಿದ್ದವು.

“ಎಲ್ಲ ತೆಗೀತೀನಿ ಮಾವ. ಮೂವತ್ತೊಂಬತ್ತನೆಯವರು ಮುನಿಸಿಕೊಳ್ತಾರೆ.”

“ಅಚ್ಛಾ, ಅದೂ ಹೌದು.”

‘ಅವಿಸ್ಮರಣೀಯ’, ‘ಚಿರಋಣಿ’ಗಳನ್ನು ಅಳಿಸಿದೆ. ದೊಡ್ಡ ಪದ ಹತ್ತಿದ್ದರೂ ಎದೆ ತಟ್ಟುವುದು ಕೈಗೆ ಸಿಗುವಂಥ ಒಂದು ವಸ್ತು. ನೆನಪುಗಳು ಏಳಿದ್ದವು. ಆರನ್ನು ಬಿಟ್ಟು ರಜಾಯಿಯ ನೆನಪೊಂದನ್ನು ಮಾವನ ಮಾತಿನಲ್ಲೇ ಉಳಿಸಿದೆ.

ನಡುವೆ, ಗಣೇಶನ ಹಬ್ಬದ ಲಾಡು ಕಡಿಮೆಬಿದ್ದದ್ದಕ್ಕೆ ಕ್ಷಮೆ ಕೇಳಿದ ಮೇಲೆ, ಒಂದು ವಿಚಿತ್ರ ಸಾಲಿತ್ತು: ‘ಒಮ್ಮೆ ಗಿರಾಕಿಗಳೆದುರು ಒಬ್ಬರ ಕೈಯಿಂದ ಸೌಟು ಕಿತ್ತುಕೊಂಡಿದ್ದೆ. ಸಾಂಬಾರು ಸರಿಯಾಗಿಯೇ ಇತ್ತು.’

“ಇದು ಯಾರಿಗೆ ಅರ್ಥ ಆಗುತ್ತೆ ಮಾವ?”

“ಆಗುವವರಿಗೆ ಆಗುತ್ತೆ.”

“ಗ್ರೂಪಲ್ಲಿ ತೊಂಬತ್ತು ಜನ ಇದ್ದಾರೆ. ಒಬ್ಬರಿಗೋಸ್ಕರ ಒಂದು ಸಾಲು ಇಡೋಕಾಗಲ್ಲ.”

ಮಾವ “ಅದೊಂದು ಇರಲಿ” ಅಂದರೇ? ಅಂದರು ಎಂದು ಈಗ ಅನ್ನಿಸುತ್ತದೆ. ಅಥವಾ ಕನ್ನಡಕ ಒರೆಸಿಕೊಂಡರಷ್ಟೆಯೋ. ನಾನಂತೂ ಅಳಿಸಿದೆ. ಉಳಿದದ್ದು ಇಷ್ಟು:

‘ಪ್ರಿಯರೇ, ಭಾನುವಾರ ದೆಹಲಿ ಬಿಟ್ಟು ಪುಣೆಯ ಮಗಳ ಮನೆಗೆ ಹೊರಟಿದ್ದೇನೆ. ಇಲ್ಲಿನ ಮೊದಲ ಚಳಿಗೆ ನಿಮ್ಮಲ್ಲೊಬ್ಬರು ಹೊದೆಸಿದ ರಜಾಯಿ ಇನ್ನೂ ನನ್ನಲ್ಲಿದೆ. ಅಲ್ಲಿ ಅಷ್ಟು ಚಳಿ ಇಲ್ಲವಂತೆ, ಆದರೂ ಒಯ್ಯುತ್ತೇನೆ. ಆ ಕಡೆ ಬಂದರೆ ಊಟಕ್ಕೆ ಬನ್ನಿ. ನಂಬರ್ ಇದೇ.’

“ಮದುವೆ ಊಟಕ್ಕೆ ಕರೆದು ಉಪ್ಪಿನಕಾಯಿ ಬಡಿಸಿದ ಹಾಗಾಯ್ತಲ್ಲೇ!” ಎಂದರು ಮಾವ. ಆದರೆ ಕಳಿಸಿದರು.

ಗ್ರೂಪ್ ಕರಗಿಹೋಯಿತು. ‘ಕಣ್ಣು ತುಂಬಿತು’, ‘ನಿಮ್ಮ ಮೆಸೇಜ್ ಮೊದಲ ಬಾರಿ ಪೂರ್ತಿ ಓದಿದೆ’! ನಾನು ಹೆಮ್ಮೆಯಿಂದ ಉಬ್ಬಿದೆ. ಫರೀದಾಬಾದಿನ ಚಿಕ್ಕ ಮಾವನಿಂದ, ಅಂದರೆ ಇವರ ಸ್ವಂತ ತಮ್ಮನಿಂದ, ಒಂದು ಕೈಮುಗಿದ ಚಿತ್ರ ಬಂತು. ಇಬ್ಬರಿಗೂ ಮಾತಿಲ್ಲದೆ ವರ್ಷಗಳಾಗಿದ್ದವು. ಯಾಕೆಂದು ನಮಗೆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ.

ಸ್ಟೇಷನ್ನಿನಲ್ಲಿ ಮಾವ ಆ ಚಿತ್ರವನ್ನು ಮೂರು ಸಲ ತೆಗೆದು ನೋಡಿದರು. “ಇಷ್ಟೇನಾ ಬರೆದದ್ದು ಅವನು?” ಎಂದರು. ರೈಲು ಹೊರಟಿತು.

ಮರುದಿನ ಫೋನಿನಲ್ಲಿ ಅಮ್ಮನಿಗೆ ಎಲ್ಲ ಹೇಳಿ ನಗುತ್ತಾ ಸೌಟಿನ ಸಾಲಿಗೆ ಬಂದೆ. ಅಮ್ಮ ನಗಲಿಲ್ಲ.

“ಆ ಸೌಟು ನಿನ್ನ ಚಿಕ್ಕ ಮಾವನ ಕೈಯದ್ದು ಕಣೇ. ಅವತ್ತೇ ಏಪ್ರನ್ ಬಿಚ್ಚಿಟ್ಟು ಹೋದವನು ಅಣ್ಣನ ಹೋಟೆಲ್ ಮೆಟ್ಟಿಲು ಹತ್ತಲಿಲ್ಲ. ತಪ್ಪು ನನ್ನದು ಅಂತ ದೊಡ್ಡಣ್ಣ ಈವರೆಗೆ ಬಾಯಿ ಬಿಟ್ಟಿರಲಿಲ್ಲ.”

ಹಾಗಾದರೆ ಲಾಡು, ಮೂವತ್ತೆಂಟು ಹೆಸರು, ಹಿರಿಯರಿಗೆ ನಮಸ್ಕಾರ, ಎಲ್ಲವೂ ಆ ಎರಡು ವಾಕ್ಯ ಬಚ್ಚಿಡಲು ಕಟ್ಟಿದ ಗೋಡೆಯೇ? ಗೋಡೆ ಅಂದವಾಗಿ ಕೆಡವಿದೆ, ಒಳಗಿದ್ದದ್ದನ್ನೂ ಎಸೆದೆ.

ಪ್ರತಿ ಇಟ್ಟುಕೊಳ್ಳದೆ ಮೂಲದ ಮೇಲೆಯೇ ಕತ್ತರಿ ಆಡಿಸಿದ್ದೆ. ಮಾವನಿಗೆ ಫೋನ್ ಮಾಡಿ ಇನ್ನೊಮ್ಮೆ ಬರೆಯಿರಿ ಎಂದರೆ, “ಹೋಗಲಿ ಬಿಡು, ಚಿಕ್ಕದಾಗಿಯೇ ಚೆನ್ನಾಗಿತ್ತು” ಎಂದರು.

ಕೊನೆಗೆ ನಾನೇ ಚಿಕ್ಕ ಮಾವನಿಗೆ ಬರೆದೆ: ‘ನಿಮ್ಮಣ್ಣ ನಿಮಗೆಂದು ಬರೆದದ್ದನ್ನು ಅಳಿಸಿದವಳು ನಾನು. ಪದಗಳು ಆಚೀಚೆ ಆಗಿರಬಹುದು. ಸೌಟು ಕಿತ್ತುಕೊಂಡದ್ದನ್ನು ಬರೆದು, ಸಾಂಬಾರು ಸರಿಯಾಗಿಯೇ ಇತ್ತು ಎಂದಿದ್ದರು. ಅವರಿಗೊಂದು ಫೋನ್ ಮಾಡ್ತೀರಾ ಮಾವ?’

ಮೆಸೇಜಿನ ಕೆಳಗಿನ ಎರಡು ಟಿಕ್‌ಗಳು ನೀಲಿಯಾಗಿ, ಅಂದರೆ ಅವರು ಓದಿ, ಹನ್ನೊಂದು ದಿನವಾಯಿತು.