ಕೊಟ್ರಮ್ಮನನ್ನು ಬರಮಾಡಿಕೊಂಡದ್ದು

ರಾಯದುರ್ಗದ ಬಟ್ಟೆ ವ್ಯಾಪಾರಿ ದೊಡ್ಡಬಸಪ್ಪನವರಿಗೆ ಊರು ಬಿಟ್ಟು ಹೋಗುವುದು ಗೊತ್ತು, ತಿರುಗಿ ಬರುವುದು ಗೊತ್ತು. ಬಂದವರನ್ನು ಬರಮಾಡಿಕೊಳ್ಳುವುದು ಮಾತ್ರ ಗೊತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಸೂರತ್ತು, ಸೊಲ್ಲಾಪುರ ಎಂದು ಸುತ್ತಿ ಬಂದಾಗಲೆಲ್ಲ ಹೆಂಡತಿ ಕೊಟ್ರಮ್ಮ ಚೊಂಬು ಹಿಡಿದು ಹೊಸ್ತಿಲಲ್ಲಿ ನಿಂತಿರುತ್ತಿದ್ದಳು. ಇವರು ಕಾಲು ಚಾಚುತ್ತಿದ್ದರು, ನೀರು ತಾನಾಗಿ ಬೀಳುತ್ತಿತ್ತು. ಮಳೆ ಯಾಕೆ ಬಂತು ಎಂದು ಯಾರಾದರೂ ಕೇಳುತ್ತಾರೆಯೇ? (ನಮ್ಮ ಬರದ ಸೀಮೆಯಲ್ಲಿ ಕೇಳುತ್ತಾರೆ, ಅದು ಬೇರೆ ಮಾತು.)

ಈ ಸಲ ಕೊಟ್ರಮ್ಮ ತನ್ನ ಅಕ್ಕನ ಜೊತೆ ಇಪ್ಪತ್ತೆರಡು ದಿನದ ಕಾಶಿಯಾತ್ರೆಗೆ ಹೊರಟಳು. ಆಟೋ ಹತ್ತುವಾಗ, "ಇಷ್ಟು ವರ್ಷ ನಿಮ್ಮನ್ನ ನಾ ಒಳಗ ಕರ್ಕೊಂಡೀನಿ. ನಾ ಬಂದಾಗ ಬಾಗಿಲಾಗ ಯಾರ್ ನಿಂತಿರ್ತಾರ ನೋಡ್ತೀನ್ರಿ" ಅಂದಳು. ಸಿಟ್ಟಿನಿಂದ ಅಂದಿದ್ದರೆ ಮರೆತುಬಿಡುತ್ತಿದ್ದರು. ನಗುತ್ತಾ ಅಂದದ್ದರಿಂದ ಮಾತು ಎದೆಯಲ್ಲೇ ಕೂತುಬಿಟ್ಟಿತು.

ಅವಳು ಬರುವ ಹಿಂದಿನ ದಿನ ಅವರು ಮಡಕಶಿರಾದಲ್ಲಿರುವ ಮಗಳು ತ್ರಿವೇಣಿಗೆ ಫೋನು ಮಾಡಿ, ಅಂಗಡಿಯ ಚೀಟಿಯ ಬೆನ್ನಿಗೆ ಸಕಲ ಶಾಸ್ತ್ರವನ್ನೂ ಬರೆದುಕೊಂಡರು. ಬಾಗಿಲು ತೆರೆದೇ ಇರಬೇಕು. ಮೊದಲು ಕೈಯ ಚೀಲ ಇಸಿದುಕೊಳ್ಳಬೇಕು. ಅದರಲ್ಲಿ ಗಂಗೆಯ ತಂಬಿಗೆ ಇರುತ್ತದೆ, ನೆಲಕ್ಕಿಡದೆ ಒಳಗಿನ ದೇವರ ಜಗಲಿಯ ಮೇಲೆ ಇಡಬೇಕು. ಆಮೇಲೆ ಚೊಂಬಿನ ನೀರು ಕಾಲಿಗೆ. ಆಮೇಲೆ ಅರಿಶಿನ, ಸುಣ್ಣ ಕಲಸಿದ ಕೆಂಪು ನೀರನ್ನು ತಟ್ಟೆಯಲ್ಲಿ ಮುಖಕ್ಕೆ ಮೂರು ಸುತ್ತು ಇಳಿಸಿ, ಹಣೆಗೆ ಒಂದು ಬೊಟ್ಟಿಟ್ಟು, ಉಳಿದದ್ದನ್ನು ಬೀದಿಗೆ ಚೆಲ್ಲಬೇಕು. ಬಲಗಾಲಿಟ್ಟು ಒಳಗೆ ಬಂದ ಮೇಲೆ ಬೆಲ್ಲ, ನೀರು. ಅದನ್ನು ಕುಡಿಯುವ ತನಕ ಮನೆಯ ಕೆಟ್ಟ ಸುದ್ದಿ ಒಂದೂ ಬಾಯಿಗೆ ಬರಕೂಡದು.

"ಮತ್ತ ಅಪ್ಪಾ, ನೋಡಿದ ಕೂಡ್ಲೆ 'ಬಂದ್ಯಾ? ಭಾಳ ಸೊರಗೀಯಲ್ಲ' ಅನ್ನು. ದಪ್ಪ ಆಗಿದ್ರೂ ಹಂಗ ಅನ್ಬೇಕು" ಅಂದಳು ಮಗಳು.

ಮರುದಿನ ಬೆಳಗಿನಿಂದ ಅವರು ಬಾಗಿಲಲ್ಲೇ ಇದ್ದರು. ಕೆಂಪು ನೀರು ಕಲಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಎಲೆಅಡಿಕೆ ಹಾಕುವವರಿಗೆ ಸುಣ್ಣದ ಹದ ಯಾರು ಹೇಳಿಕೊಡಬೇಕು? ಚೊಂಬು ಎಡಕ್ಕೆ, ತಟ್ಟೆ ಬಲಕ್ಕೆ, ಚೀಟಿ ಜೇಬಿನಲ್ಲಿ. ಬೀದಿಯಲ್ಲಿ ಹೋಗುವವರು ಯಾವ ಮಂತ್ರಿ ಬರುತ್ತಾನೆ ಎಂದು ಕೇಳಿ ಹೋದರು.

ಹತ್ತೂವರೆಗೆ ಆಟೋ ಬಂತು. ಕೊಟ್ರಮ್ಮ ಇಳಿದಳು. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ನಿಜವಾಗಿಯೂ ಸೊರಗಿದ್ದಳು. ಸುಳ್ಳು ಹೇಳಲು ಸಿದ್ಧರಾಗಿದ್ದ ದೊಡ್ಡಬಸಪ್ಪನವರಿಗೆ ಸತ್ಯ ಎದುರಿಗೆ ಬಂದು ನಿಂತಾಗ ಕಲಿತ ಮಾತು ಮರೆತುಹೋಯಿತು. ಇಪ್ಪತ್ತೆರಡು ದಿನ ಮನೆ ಎಷ್ಟು ಖಾಲಿ ಇತ್ತು ಎಂಬುದು ಅವರಿಗೆ ಆಗ ತಿಳಿಯಿತು. ಚೀಲ ಇಸಿದುಕೊಂಡರು, ಗಂಗೆಯನ್ನು ಜಗಲಿಗೇರಿಸಿ ಓಡಿ ಬಂದರು. ಅಲ್ಲಿಗೆ ಶಾಸ್ತ್ರ ಮುಗಿದು ಗಡಿಬಿಡಿ ಶುರುವಾಯಿತು: ತಟ್ಟೆಯ ಕೆಂಪು ನೀರನ್ನು ಹೆಂಡತಿಯ ಕಾಲಿಗೆ ಸುರಿದು, ಚೊಂಬನ್ನು ಎತ್ತಿ ಅವಳ ಮುಖಕ್ಕೆ ಮೂರು ಸುತ್ತು ಇಳಿಸಿದರು.

ಕೊಟ್ರಮ್ಮ ತನ್ನ ಕೆಂಪಾದ ಕಾಲುಗಳನ್ನು ನೋಡಿಕೊಂಡಳು. ನಗಲಿಲ್ಲ. ಕಣ್ಣುಗಳು ಮಾತ್ರ ತುಂಬಿ ಬಂದವು.

"ಹೊಸ ಸೊಸಿ ಆಗಿ ಈ ಮನಿಗೆ ಬಂದಾಗೂ ಇಷ್ಟು ಮರ್ಯಾದಿ ಆಗಿರಲಿಲ್ಲ ನೋಡ್ರಿ."

"ಭಾಳ ಸೊರಗೀಯಲ್ಲ" ಅಂದರು ದೊಡ್ಡಬಸಪ್ಪ, ಕೊನೆಗೂ. ಚೊಂಬಿನ ನೀರು ಸುರಿದು ತಾವೇ ಬಗ್ಗಿ ಅವಳ ಕಾಲು ಉಜ್ಜಿ ತೊಳೆದರು. ಕೆಂಪು ಅರ್ಧ ಹೋಯಿತು, ಅರ್ಧ ಉಳಿಯಿತು. ಅವಳು ಬಲಗಾಲಿಟ್ಟು ಒಳಗೆ ಬಂದು, ಬೆಲ್ಲ ಕಚ್ಚಿ ನೀರು ಕುಡಿದು, ಗಂಡ ಯಾವಾಗಲೂ ಕೂರುವ ಕುರ್ಚಿಯಲ್ಲೇ ಕೂತಳು. ಕಾಲು ಚಾಚಿದಳು. ಪ್ರತಿ ಪ್ರಯಾಣ ಮುಗಿಸಿ ಬಂದು ಅವರು ಕೇಳುತ್ತಿದ್ದದ್ದನ್ನೇ ಅವರ ದನಿಯಲ್ಲೇ ಕೇಳಿದಳು:

"ಅಡಿಗಿ ಏನ್ ಮಾಡೀರಿ?"

ದೊಡ್ಡಬಸಪ್ಪನವರು ಚೀಟಿ ತೆಗೆದು ನೋಡಿದರು. ಅದು ಬೆಲ್ಲ, ನೀರಿಗೇ ಮುಗಿದಿತ್ತು. ಅಡುಗೆ ಆಗಿರುತ್ತದೆ ಎಂದೇ ಅವರು ಮೂವತ್ತನಾಲ್ಕು ವರ್ಷ ನಂಬಿದ್ದರು. ಈ ಇಪ್ಪತ್ತೆರಡು ದಿನ ಉಂಡ ಖಾನಾವಳಿಯೂ ಆ ನಂಬಿಕೆಯನ್ನು ಕೆಡಿಸಿರಲಿಲ್ಲ. ಅದನ್ನೂ ಮಾಡಬೇಕೇ ಎಂದು ಮಗಳನ್ನು ಕೇಳುವುದು ಹೊಳೆದಿರಲಿಲ್ಲ. ಅಡುಗೆಮನೆಗೆ ಹೋಗಿ, ಬಾಗಿಲಾಚೆಯಿಂದ ಬರುವ ಹೆಂಡತಿಯ ಅಪ್ಪಣೆಯಂತೆ ರವೆ ಹುರಿದು, ಒಂದು ಗಂಟೆಯಲ್ಲಿ ಉಪ್ಪಿಟ್ಟು ತಂದಿಟ್ಟರು.

ಕೊಟ್ರಮ್ಮ ಒಂದು ತುತ್ತು ತಿಂದಳು. "ಉಪ್ಪು ಕಡಿಮಿ ಐತಿ" ಅಂದಳು. ಅದೂ ಅವರದೇ ಮಾತು.

ಅದಕ್ಕೆ ಅವಳು ಇಷ್ಟು ವರ್ಷ ಕೊಡುತ್ತಿದ್ದ ಉತ್ತರ ದೊಡ್ಡಬಸಪ್ಪನವರಿಗೆ ಬಾಯಿಪಾಠವಾಗಿತ್ತು. ಇದಾದರೂ ತಪ್ಪದೆ ಬಂತಲ್ಲ ಎಂಬ ಖುಷಿಯಲ್ಲಿ ಅಂದುಬಿಟ್ಟರು:

"ನಾಳೆ ಸರಿ ಮಾಡ್ತೀನಿ."

"ಆತು ಬಿಡ್ರಿ" ಅಂದಳು ಕೊಟ್ರಮ್ಮ, ಎರಡನೇ ತುತ್ತು ಬಾಯಿಗಿಟ್ಟು. "ನಾಳೆ ಅಡಿಗೀನೂ ನಿಮ್ದ ಅಂದಂಗಾತು."